ಮೂರು ಸಾವಿರ ಡಾಲರ್‌ನ ಗುರಿ: ಚಿನ್ನದ ಬೆಲೆಯ ಮುನ್ನಂದಾಜುಗಳನ್ನು ಓದುವ ಬಗೆ

2020ರ ಏಪ್ರಿಲ್‌ನಲ್ಲಿ, ಜಗತ್ತಿನ ಬಹುಪಾಲು ಕೋವಿಡ್‌ಗೆ ಹೆದರಿ ಬಾಗಿಲು ಹಾಕಿಕೊಂಡಿದ್ದಾಗ, ಬ್ಯಾಂಕ್ ಆಫ್ ಅಮೆರಿಕದ ವಿಶ್ಲೇಷಕರು ಚಿನ್ನದ ಬಗ್ಗೆ ಒಂದು ಟಿಪ್ಪಣಿ ಹೊರಡಿಸಿದರು. ಅಮೆರಿಕದ ಕೇಂದ್ರೀಯ ಬ್ಯಾಂಕ್ ಡಾಲರ್‌ಗಳನ್ನು ಎಷ್ಟು ಬೇಕಾದರೂ ಮುದ್ರಿಸಬಹುದು, ಆದರೆ ಚಿನ್ನವನ್ನು ಮುದ್ರಿಸಲಾರದು ಎಂಬುದು ಅದರ ತಿರುಳು. ಹದಿನೆಂಟು ತಿಂಗಳ ಅವಧಿಗೆ ತಾವು ಇಟ್ಟಿದ್ದ ಔನ್ಸ್‌ಗೆ 2,000 ಡಾಲರ್ ಗುರಿಯನ್ನು ಅವರು ಒಮ್ಮೆಲೇ 3,000 ಡಾಲರ್‌ಗೆ ಏರಿಸಿದ್ದರು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಬೆಲೆ 1,700 ಡಾಲರ್‌ನ ಆಸುಪಾಸಿನಲ್ಲಿತ್ತು. ಸುದ್ದಿಯ ತಲೆಬರಹಗಳಿಗೆ ಆ ಮೂರು ಸಾವಿರವೇ ಸಾಕಾಯಿತು.

ಮುಂದೆ ಆದದ್ದನ್ನು ತಾರೀಖುಗಳ ಜೊತೆ ಇಟ್ಟು ನೋಡಬೇಕು. ಆಗಸ್ಟ್ 2020ರಲ್ಲಿ ಚಿನ್ನ ಸುಮಾರು 2,070 ಡಾಲರ್ ಮುಟ್ಟಿ ಹಿಂದೆ ಸರಿಯಿತು. ಹದಿನೆಂಟು ತಿಂಗಳು ತುಂಬಿದ ಅಕ್ಟೋಬರ್ 2021ರಲ್ಲಿ ಬೆಲೆ 1,800 ಡಾಲರ್‌ನ ಅಕ್ಕಪಕ್ಕದಲ್ಲೇ ಇತ್ತು. 2022ರ ಶರತ್ಕಾಲದಲ್ಲಿ ಅದು 1,630ರ ಮಟ್ಟಕ್ಕೆ, ಅಂದರೆ ಟಿಪ್ಪಣಿ ಬರೆದ ದಿನದ ಬೆಲೆಗಿಂತಲೂ ಕೆಳಕ್ಕೆ ಇಳಿದಿತ್ತು. ವಿಶ್ಲೇಷಕರ ತರ್ಕ ಸುಳ್ಳಾಗಿರಲಿಲ್ಲ ಎಂಬುದೇ ಇಲ್ಲಿಯ ವಿಚಿತ್ರ. ನೋಟು ಹೆಚ್ಚಿತ್ತು, ಹಣದುಬ್ಬರ ಬಂದಿತ್ತು. ಜೂನ್ 2022ರಲ್ಲಿ ಅಮೆರಿಕದ ಹಣದುಬ್ಬರ ಶೇ 9.1ಕ್ಕೆ ಏರಿ ನಾಲ್ಕು ದಶಕಗಳ ದಾಖಲೆ ಮುರಿದಿತ್ತು. ಆದರೆ ಅದನ್ನು ಹತ್ತಿಕ್ಕಲು ಬಡ್ಡಿ ದರವೂ ಭರದಿಂದ ಏರಿತು, ಡಾಲರ್ ಬಲಿಯಿತು, ಚಿನ್ನ ಸೊರಗಿತು. ಮೂರು ಸಾವಿರ ಬಂದದ್ದು ಮಾರ್ಚ್ 2025ರಲ್ಲಿ, ಟಿಪ್ಪಣಿ ಬರೆದ ಐದು ವರ್ಷಗಳ ನಂತರ, ಅದರಲ್ಲಿ ಹೇಳಿದ್ದಕ್ಕಿಂತ ಬೇರೆಯದೇ ಕಾರಣಗಳಿಗಾಗಿ.

ಇಷ್ಟು ತಿಳಿದ ಮೇಲೆ ಅದೇ ಟಿಪ್ಪಣಿಯ ಒಳಪುಟಗಳಿಗೆ ಹೋದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. 2020ರ ಸರಾಸರಿ ಬೆಲೆ 1,695 ಡಾಲರ್, 2021ರ ಸರಾಸರಿ 2,063 ಡಾಲರ್ ಎಂದು ಅವರೇ ಅಂದಾಜಿಸಿದ್ದರು. ಸುದ್ದಿಯಾದ ಗುರಿಗೂ ಈ ಸರಾಸರಿಗಳಿಗೂ ಅಜಗಜಾಂತರವಿದೆ. ವರ್ಷದ ಸರಾಸರಿ, ವರ್ಷದ ಕೊನೆಯ ದಿನದ ಬೆಲೆ, ನಡುವೆ ಒಮ್ಮೆ ಮುಟ್ಟಬಹುದಾದ ಶಿಖರ ಇವು ಮೂರೂ ಬೇರೆ ಬೇರೆ ಹೇಳಿಕೆಗಳು. ಸರಾಸರಿಯ ಅಂದಾಜು ತಪ್ಪಿದರೆ ಅಳೆಯಬಹುದು. ‘ಮುಟ್ಟಬಹುದು’ ಎಂಬ ಗುರಿಯನ್ನು ಅಳೆಯಲು ಅವಧಿ ಮುಗಿಯುವವರೆಗೆ ಕಾಯಬೇಕು, ಅಷ್ಟರಲ್ಲಿ ಅದನ್ನು ಯಾರೂ ನೆನಪಿಟ್ಟಿರುವುದಿಲ್ಲ.

ಚಿನ್ನದ ಬೆಲೆಯನ್ನು ಮುಂದಾಗಿ ಹೇಳುವ ಕಸುಬು ಹಳೆಯದೇನಲ್ಲ. ಎರಡನೆಯ ಮಹಾಯುದ್ಧಾನಂತರದ ವ್ಯವಸ್ಥೆಯಲ್ಲಿ ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಎಂಬುದು ಅಮೆರಿಕ ಸರಕಾರದ ಅಧಿಕೃತ ದರವಾಗಿತ್ತು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ಡಾಲರನ್ನು ಚಿನ್ನಕ್ಕೆ ಬದಲಾಯಿಸಿಕೊಡುವ ಬಾಗಿಲು ಮುಚ್ಚಿದ ಬಳಿಕ ಬೆಲೆಯನ್ನು ಮಾರುಕಟ್ಟೆಯೇ ನಿರ್ಧರಿಸತೊಡಗಿತು. ಜನವರಿ 1980ರಲ್ಲಿ ಅದು ಲಂಡನ್ನಿನಲ್ಲಿ 850 ಡಾಲರ್ ಮುಟ್ಟಿತು. ಆ ಮಟ್ಟವನ್ನು ಮತ್ತೆ ದಾಟಲು 2008ರ ಜನವರಿ ಬರಬೇಕಾಯಿತು. ನಡುವಿನ ಇಪ್ಪತ್ತೆಂಟು ವರ್ಷಗಳಲ್ಲಿ ‘ಚಿನ್ನ ಮತ್ತೆ ಏರುತ್ತದೆ’ ಎಂದವರೆಲ್ಲ ಒಂದರ್ಥದಲ್ಲಿ ಸರಿಯಾಗಿಯೇ ಹೇಳಿದ್ದರು, ಆದರೆ ಅದನ್ನು ನಂಬಿ 1980ರಲ್ಲಿ ಕೊಂಡವರಿಗೆ ಆ ಸರಿತನದಿಂದ ಏನೂ ಉಪಯೋಗವಾಗಲಿಲ್ಲ.

ಮುನ್ನಂದಾಜುಗಳ ಸ್ವಭಾವ ತಿಳಿಯಲು ಅತ್ಯಂತ ಅನುಕೂಲವಾದ ದಾಖಲೆ ಲಂಡನ್ ಬುಲಿಯನ್ ಮಾರ್ಕೆಟ್ ಅಸೋಸಿಯೇಷನ್‌ನದು. ಈ ಸಂಸ್ಥೆ ಪ್ರತಿ ವರ್ಷದ ಆರಂಭದಲ್ಲಿ ಬ್ಯಾಂಕುಗಳ ಮತ್ತು ಸಂಶೋಧನಾ ಸಂಸ್ಥೆಗಳ ವಿಶ್ಲೇಷಕರಿಂದ ಆ ವರ್ಷದ ಗರಿಷ್ಠ, ಕನಿಷ್ಠ ಮತ್ತು ಸರಾಸರಿ ಬೆಲೆಗಳ ಅಂದಾಜನ್ನು ಪಡೆದು ಪ್ರಕಟಿಸುತ್ತದೆ. ನಿಜಕ್ಕೆ ತೀರಾ ಹತ್ತಿರ ಬಂದವರಿಗೆ ಬಹುಮಾನವೂ ಉಂಟು. ಸರಾಸರಿಯನ್ನೇ ಕೇಳುವುದರಿಂದ ನುಣುಚಿಕೊಳ್ಳುವ ಹಾದಿ ಇಲ್ಲಿ ಕಡಿಮೆ.

2013ರ ಆರಂಭದಲ್ಲಿ, ವರ್ಷದ ಸರಾಸರಿ ಬೆಲೆಯ ಬಗ್ಗೆ ಈ ವಿಶ್ಲೇಷಕರೆಲ್ಲರ ಅಂದಾಜುಗಳನ್ನು ಸೇರಿಸಿ ಸರಾಸರಿ ತೆಗೆದಾಗ ಬಂದದ್ದು 1,753 ಡಾಲರ್. ಆ ವರ್ಷದ ನಿಜವಾದ ಸರಾಸರಿ 1,411. ಏಪ್ರಿಲ್ ತಿಂಗಳ ಎರಡೇ ವಹಿವಾಟಿನ ದಿನಗಳಲ್ಲಿ ಬೆಲೆ ಇನ್ನೂರು ಡಾಲರ್‌ಗೂ ಹೆಚ್ಚು ಕುಸಿದಿತ್ತು. ಪೆಟ್ಟು ತಿಂದ ವಿಶ್ಲೇಷಕರು ಮರುವರ್ಷ 1,219 ಎಂದು ತಗ್ಗಿದರು, ಬಂದದ್ದು 1,266. 2016ಕ್ಕೆ ಇನ್ನೂ ತಗ್ಗಿ 1,103 ಎಂದರು, ಬಂದದ್ದು 1,251. 2021ಕ್ಕೆ, ಹಿಂದಿನ ವರ್ಷದ ದಾಖಲೆಯ ಏರಿಕೆಯ ಅಮಲು ಇಳಿಯದೆ 1,974 ಎಂದರು, ಬಂದದ್ದು 1,799. 2024ಕ್ಕೆ 2,059 ಎಂದರು, ಬಂದದ್ದು 2,386. 2022ರಲ್ಲಿ ಮಾತ್ರ ಅಂದಾಜು 1,802, ನಿಜ 1,800 ಎಂದು ಹೆಚ್ಚುಕಡಿಮೆ ಕೂದಲೆಳೆಯಷ್ಟು ಹತ್ತಿರ ಬಂದಿತು.

ಈ ಅಂಕಿಗಳ ಪಕ್ಕದಲ್ಲಿ ಅಂದಾಜು ಬರೆದ ಜನವರಿಯ ಬೆಲೆಯನ್ನೂ ಇಟ್ಟರೆ ಒಳಗುಟ್ಟು ಹೊರಬೀಳುತ್ತದೆ. 2013ರ ಜನವರಿಯಲ್ಲಿ ಬೆಲೆ 1,670ರ ಆಸುಪಾಸು, 2016ರಲ್ಲಿ ಸುಮಾರು 1,090, 2021ರಲ್ಲಿ ಸುಮಾರು 1,880, 2024ರಲ್ಲಿ ಸುಮಾರು 2,040. ಅಂದರೆ ಅಂದಾಜು ಯಾವಾಗಲೂ ಆ ಹೊತ್ತಿನ ಬೆಲೆಗೆ ಅಂಟಿಕೊಂಡೇ ಇತ್ತು, ಸ್ವಲ್ಪ ಮೇಲೆ ಅಥವಾ ಸ್ವಲ್ಪ ಕೆಳಗೆ. ಏನೂ ಓದದೆ ‘ಇಂದಿನ ಬೆಲೆಯೇ ವರ್ಷವಿಡೀ ಇರುತ್ತದೆ’ ಎಂದು ಹೇಳಿದವನು 2013ರಲ್ಲೂ 2021ರಲ್ಲೂ ಈ ತಜ್ಞರ ಒಟ್ಟಭಿಪ್ರಾಯವನ್ನು ಸೋಲಿಸುತ್ತಿದ್ದ. 2016 ಮತ್ತು 2024ರಲ್ಲಿ ಅಲ್ಪ ಅಂತರದಿಂದ ಸೋಲುತ್ತಿದ್ದ. ಸರಿಯಾಯಿತೆಂದು ಮೆಚ್ಚಿದ 2022ರ ಅಂದಾಜು ಕೂಡ ಹಾಗೆಯೇ: ಆ ಜನವರಿಯಲ್ಲಿ ಬೆಲೆ 1,810ರ ಹತ್ತಿರವಿತ್ತು. ಯಾವುದೇ ವಿಶ್ಲೇಷಕನ ಹಿಂದಿನ ಸಾಧನೆಯನ್ನು ತೂಗುವಾಗ ಕೇಳಬೇಕಾದ ಪ್ರಶ್ನೆ ಇದು: ಅವನ ಅಂದಾಜು ಈ ಬರಿಗೈ ಅಂದಾಜಿಗಿಂತ ಮೇಲಾಗಿತ್ತೇ? ಏರುವ ವರ್ಷದಲ್ಲಿ ‘ಏರುತ್ತದೆ’ ಎಂದದ್ದನ್ನಷ್ಟೇ ತೋರಿಸಿದರೆ ಅದು ಉತ್ತರವಾಗುವುದಿಲ್ಲ.

ಬೆಲೆಗೆ ಅಂಟಿಕೊಳ್ಳುವುದಕ್ಕೆ ಕಾರಣವಿದೆ. ಕಂಪನಿಯ ಷೇರಿಗೆ ಲಾಭವಿದೆ, ಸಾಲಪತ್ರಕ್ಕೆ ಬಡ್ಡಿ ಇದೆ. ಅವನ್ನು ಹಿಡಿದು ಬೆಲೆ ಕಟ್ಟಲು ಲೆಕ್ಕವಾದರೂ ಇದೆ. ಚಿನ್ನ ಏನನ್ನೂ ಗಳಿಸುವುದಿಲ್ಲವಾದ್ದರಿಂದ ವಿಶ್ಲೇಷಕರು ಬೇರೆ ಬೆಲೆಗಳೊಂದಿಗೆ ಅದಕ್ಕಿರುವ ನಂಟನ್ನು ಹಿಡಿಯುತ್ತಾರೆ. ಅದರಲ್ಲಿ ಮುಖ್ಯವಾದದ್ದು, ಹಣದುಬ್ಬರ ಕಳೆದು ಉಳಿಯುವ ಅಮೆರಿಕದ ಬಡ್ಡಿ: ಅದು ಏರಿದರೆ ಚಿನ್ನ ಇಳಿಯಬೇಕು. ಈ ಸೂತ್ರ ವರ್ಷಗಟ್ಟಲೆ ಚೆನ್ನಾಗಿಯೇ ದುಡಿಯಿತು. 2022ರಿಂದ ಅದು ಸಡಿಲಾಯಿತು. ಆ ವರ್ಷ ಯುಕ್ರೇನ್ ಯುದ್ಧದ ಬಳಿಕ ರಷ್ಯಾದ ವಿದೇಶಿ ಮೀಸಲು ನಿಧಿಯನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದವು. ಕೇಂದ್ರೀಯ ಬ್ಯಾಂಕುಗಳು ಒಟ್ಟಾಗಿ ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು, ಮುಂದಿನ ಎರಡು ವರ್ಷವೂ ಅದೇ ಪ್ರಮಾಣದಲ್ಲಿ ಕೊಂಡವು. ಬಡ್ಡಿ ಎತ್ತರದಲ್ಲೇ ಇದ್ದರೂ ಚಿನ್ನ ದಾಖಲೆಗಳನ್ನು ಮುರಿಯಿತು. ಹಳೆಯ ಸೂತ್ರವನ್ನೇ ನಂಬಿದ್ದವರು 2024ರ ಏರಿಕೆಯನ್ನು ಕಾಣದೇ ಹೋದರು. ಮಾದರಿ ಒಂದು ಕಾಲದ ನಂಟನ್ನು ಮಾತ್ರ ಹೇಳುತ್ತದೆ, ಆ ನಂಟು ಕಳಚುವ ದಿನವನ್ನು ಹೇಳುವುದಿಲ್ಲ. ಹಾಗಾಗಿ ಅಂದಾಜಿನ ಅಂಕಿಗಿಂತ ಅದರ ಹಿಂದಿರುವ ಷರತ್ತುಗಳು, ಬಡ್ಡಿ ಎಷ್ಟಿರುತ್ತದೆ, ಕೊಳ್ಳುವವರು ಯಾರು ಎಂಬುವು, ಓದುಗನಿಗೆ ಹೆಚ್ಚು ಬೆಲೆಬಾಳುವಂಥವು.

ದಿಕ್ಕು ಸರಿಯಾಗಿ ಸಿಕ್ಕವರೂ ಇದ್ದಾರೆ, ಅದನ್ನು ಒಪ್ಪಬೇಕು. 2013ರ ಏಪ್ರಿಲ್ ಕುಸಿತಕ್ಕೆ ಎರಡು ದಿನ ಮೊದಲು ಗೋಲ್ಡ್‌ಮನ್ ಸ್ಯಾಕ್ಸ್ ಚಿನ್ನ ಇಳಿಯುವ ಕಡೆಗೆ ಹಣ ಹೂಡುವಂತೆ ಗ್ರಾಹಕರಿಗೆ ಹೇಳಿತ್ತು. ಅದೇ ವರ್ಷ, 2014ರ ಕೊನೆಗೆ 1,050 ಡಾಲರ್ ಎಂದೂ ಅದು ಅಂದಾಜಿಸಿತು. 2014ರ ಕೊನೆಯಲ್ಲಿ ಬೆಲೆ 1,200ರ ಹತ್ತಿರ ನಿಂತಿತು, 1,050 ಬಂದದ್ದು ಇನ್ನೊಂದು ವರ್ಷ ಕಳೆದು ಡಿಸೆಂಬರ್ 2015ರಲ್ಲಿ. ಇದೇ ಸಂಸ್ಥೆ 2025ರ ಜನವರಿಯಲ್ಲಿ 3,000 ಡಾಲರ್ ಆ ವರ್ಷ ಬರುವುದಿಲ್ಲವೆಂದು ಹೇಳಿ, ವರ್ಷಾಂತ್ಯದ ಅಂದಾಜನ್ನು 2,910ಕ್ಕೆ ಇಳಿಸಿತು. ಫೆಬ್ರುವರಿಯಲ್ಲಿ ಅದು 3,100 ಆಯಿತು, ಮಾರ್ಚ್‌ನಲ್ಲಿ 3,300, ಏಪ್ರಿಲ್‌ನಲ್ಲಿ 3,700. ಮಾರುಕಟ್ಟೆ ಅಕ್ಟೋಬರ್‌ನಲ್ಲೇ 4,000 ದಾಟಿತು. ನೂರು ದಿನಗಳಲ್ಲಿ ವರ್ಷಾಂತ್ಯದ ಅಂದಾಜು 790 ಡಾಲರ್ ಬದಲಾಗಬಹುದಾದರೆ, ಅದನ್ನು ಮುಂದಿನದರ ಸೂಚನೆಯೆನ್ನುವುದಕ್ಕಿಂತ ಈಗಾಗಲೇ ನಡೆದುಹೋದ ಏರಿಕೆಯ ವರದಿಯೆಂದು ಓದುವುದೇ ಲೇಸು. ಹೊಸ ಸಂಗತಿ ತಿಳಿದಾಗ ಅಂದಾಜು ಬದಲಿಸುವುದು ತಪ್ಪಲ್ಲ. ಆದರೆ ‘ಗುರಿ ಏರಿಸಿದ ಸಂಸ್ಥೆ’ ಎಂಬ ಸುದ್ದಿಯೇ ಬೆಲೆ ಏರುವುದಕ್ಕೆ ಹೊಸ ಪುರಾವೆ ಎಂಬಂತೆ ಚಲಾವಣೆಯಾಗುವುದು ತಪ್ಪು.

ಚಿನ್ನದ ಏರಿಕೆ ಭರದಲ್ಲಿದ್ದಾಗಲೇ ಅತಿ ದೊಡ್ಡ ಗುರಿಗಳು ಹೊರಡುತ್ತವೆ ಎಂಬುದಕ್ಕೆ 2011ರ ಆಗಸ್ಟ್ ಸಾಕ್ಷಿ. ಅಮೆರಿಕದ ಸಾಲದ ದರ್ಜೆ ಇಳಿದ ಕೆಲವೇ ದಿನಗಳಲ್ಲಿ ಜೆ.ಪಿ. ಮಾರ್ಗನ್ ವರ್ಷಾಂತ್ಯದೊಳಗೆ 2,500 ಡಾಲರ್ ಬರಬಹುದೆಂದಿತು. ಸೆಪ್ಟೆಂಬರ್ ಮೊದಲ ವಾರ 1,920ರ ಬಳಿ ಬೆಲೆ ತಿರುಗಿತು, ವರ್ಷ ಮುಗಿದಾಗ 1,600ಕ್ಕಿಂತ ಕೆಳಗಿತ್ತು.

ಇನ್ನು ನಮ್ಮ ಚಿನಿವಾರ ಪೇಟೆಯ ಮಾತು. ಈ ಎಲ್ಲ ಅಂದಾಜುಗಳೂ 31.1035 ಗ್ರಾಂ ತೂಗುವ ಔನ್ಸ್‌ಗೆ, ಡಾಲರ್‌ನಲ್ಲಿ. ಬೆಂಗಳೂರಿನ ಆಭರಣದಂಗಡಿಯ ದರಕ್ಕೆ ಬರುವಷ್ಟರಲ್ಲಿ ಅದು ವಿನಿಮಯ ದರ, ಆಮದು ಸುಂಕ, ಜಿಎಸ್‌ಟಿಗಳನ್ನು ದಾಟಬೇಕು. ಔನ್ಸ್‌ಗೆ 3,000 ಡಾಲರ್, ಡಾಲರ್‌ಗೆ 85 ರೂಪಾಯಿ ಎಂದು ಇಟ್ಟುಕೊಂಡರೆ 10 ಗ್ರಾಂ ಅಪರಂಜಿಗೆ ಸುಮಾರು 82,000 ರೂಪಾಯಿ. ಶೇ 6ರ ಸುಂಕ ಮತ್ತು ಶೇ 3ರ ಜಿಎಸ್‌ಟಿ ಸೇರಿ ಸುಮಾರು 89,500. ಅದೇ ಡಾಲರ್ ಬೆಲೆಗೆ ಸುಂಕ ಶೇ 15 ಇದ್ದರೆ 97,000 ದಾಟುತ್ತದೆ. 2013ರಲ್ಲಿ ಡಾಲರ್ ಲೆಕ್ಕದಲ್ಲಿ ಚಿನ್ನ ಕಾಲು ಭಾಗಕ್ಕೂ ಹೆಚ್ಚು ಕುಸಿದಾಗ ನಮ್ಮಲ್ಲಿ ಅಷ್ಟು ಇಳಿಯಲಿಲ್ಲ, ಏಕೆಂದರೆ ರೂಪಾಯಿ ಜಾರಿತ್ತು, ಸುಂಕ ಒಂದೇ ವರ್ಷದಲ್ಲಿ ಶೇ 4ರಿಂದ ಶೇ 10ಕ್ಕೆ ಏರಿತ್ತು. ಮದುವೆಗೆ ಒಡವೆ ಮಾಡಿಸುವವರು ವಿದೇಶಿ ಬ್ಯಾಂಕಿನ ಗುರಿಯನ್ನು ನೋಡಿ ಇಂದೋ ನಾಳೆಯೋ ಎಂದು ತೂಗುವಾಗ, ರೂಪಾಯಿ ಮತ್ತು ಸುಂಕಗಳ ಬಗ್ಗೆ ಆ ಗುರಿ ಏನನ್ನೂ ಹೇಳಿರುವುದಿಲ್ಲ. 2024ರ ಜುಲೈ 23ರ ಬಜೆಟ್‌ನಲ್ಲಿ ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದಾಗ, ಜಾಗತಿಕ ಬೆಲೆಯಲ್ಲಿ ಅಂಥ ಕುಸಿತವೇನೂ ಇಲ್ಲದೆಯೇ, ಇಲ್ಲಿಯ ದರ ಒಂದೇ ದಿನದಲ್ಲಿ ಸಾವಿರಾರು ರೂಪಾಯಿ ಇಳಿದಿತ್ತು.