ಮೈಸೂರಿಗೆ ಅಲ್ಮೇರಾ ಬಂದ ದಾರಿ

ಬಟ್ಟೆ ಇಡುವ ಸ್ಟೀಲ್ ಕಪಾಟಿಗೆ ಮೈಸೂರು, ಮಂಡ್ಯ ಕಡೆ ಬೀರು ಅಂತೀವಿ. ಅದು ಫ್ರೆಂಚರ ಬ್ಯೂರೋ. ಮರದ ಕಪಾಟಾದರೆ ಕೆಲವರ ಬಾಯಲ್ಲಿ ಅಲ್ಮೇರಾ. ಇದು ಪೋರ್ಚುಗೀಸರದು.

ಲ್ಯಾಟಿನ್‌ನಲ್ಲಿ 'ಅರ್ಮಾರಿಯುಂ' ಅಂದರೆ ಆಯುಧ, ಸಲಕರಣೆ ಇಡುವ ಪೆಟ್ಟಿಗೆ. ಪೋರ್ಚುಗೀಸಿನಲ್ಲಿ ಅದು 'ಅರ್ಮಾರಿಯು' ಆಯಿತು. ಒಂದೇ ಪದದಲ್ಲಿ ಎರಡು ರಕಾರ ಬಂದರೆ ನಾಲಿಗೆ ಒಂದನ್ನು ಬದಲಿಸಿಬಿಡುತ್ತದೆ. ಹಾಗಾಗಿ ಅಲ್ಲೇ 'ಅಲ್ಮಾರಿಯು' ಅನ್ನುವ ರೂಪವೂ ಇತ್ತು. ಲಕಾರ ನಾವು ಸೇರಿಸಿದ್ದಲ್ಲ, ಹಡಗಿನಲ್ಲೇ ಬಂದದ್ದು.

ಆದರೆ ಮೈಸೂರನ್ನು ಪೋರ್ಚುಗೀಸರು ಯಾವತ್ತೂ ಆಳಲಿಲ್ಲವಲ್ಲ? 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಕಡೆಗೆ ಬಂದ, 1510ರಲ್ಲಿ ಗೋವಾ ಅವರ ಕೈಸೇರಿತು. ಅವರ ಕೋಟೆಗಳೆಲ್ಲ ಕರಾವಳಿಯಲ್ಲೇ. ಆಮೇಲೆ ಅವರ ಬಲ ಕುಗ್ಗಿದರೂ ಭಾಷೆ ಬಂದರುಗಳಲ್ಲಿ ಉಳಿಯಿತು. ಹರಕುಮುರುಕು ಪೋರ್ಚುಗೀಸ್ ಬಂದರೆ ವ್ಯಾಪಾರ ನಡೆಯುತ್ತಿತ್ತು. ಇಂಗ್ಲಿಷರ ಕಂಪನಿ ಕೂಡ ಇದಕ್ಕೆ ತಲೆಬಾಗಿತು: ಭಾರತಕ್ಕೆ ಕಳಿಸಿದ ಪಾದ್ರಿಗಳು ವರ್ಷದೊಳಗೆ ಪೋರ್ಚುಗೀಸ್ ಕಲಿಯಬೇಕು ಅಂತ 1698ರ ಸನ್ನದು ಹೇಳುತ್ತದೆ. ಅಂದಹಾಗೆ, ಈ 'ಪಾದ್ರಿ'ಯೂ ಅವರದೇ ಪದ. ಹೀಗೆ ವರಾಂಡ, ಅಲ್ಮೇರಾ, ಆಯಾ ಎಲ್ಲ ಇಲ್ಲಿನ ಇಂಗ್ಲಿಷರ ಮಾತಿಗೆ ಸೇರಿದವು. ಒಳನಾಡಿಗೆ ಅವು ಬಂದದ್ದರಲ್ಲಿ ಬಂಗಲೆ, ಕಚೇರಿಗಳ ಪಾಲು ಜಾಸ್ತಿ.

ಪಾವ್‌ನ ದಾರಿಯೇ ಬೇರೆ. ಪೋರ್ಚುಗೀಸಿನ 'ಪಾಂವ್' ಅಂದರೆ ಬರೀ ಬ್ರೆಡ್ಡು. ಗೋವಾದಲ್ಲಿ ಈಸ್ಟ್ ಸಿಗದೆ ಹಿಟ್ಟನ್ನು ತೆಂಗಿನ ಕಳ್ಳು ಹಾಕಿ ಹುದುಗಿಸುತ್ತಿದ್ದರು. ಗೋವಾದ ಬೇಕರಿಯವರ ಜೊತೆ ಅದು ಮುಂಬೈಗೆ ಹೋಯಿತು. ನಮ್ಮಲ್ಲಿ ಬನ್ನು, ಬ್ರೆಡ್ಡು ಆಗಲೇ ಬೇರೂರಿದ್ದವು, ಪಾವ್ ಬಂದದ್ದು ಭಾಜಿಯ ಜೊತೆ, ಅದೂ ತೀರಾ ಈಚೆಗೆ. ಹಿಂದಿಯಲ್ಲಿ ಪಾಂವ್ ಅಂದರೆ ಪಾದ, ಪಾವ್ ಅಂದರೆ ಕಾಲುಭಾಗ; ಅದಕ್ಕೇ ಕಾಲಲ್ಲಿ ತುಳಿದು ನಾದುತ್ತಿದ್ದರಿಂದ ಪಾವ್, ಕಾಲುಭಾಗವಾದ್ದರಿಂದ ಪಾವ್ ಅನ್ನುವುದೆಲ್ಲ ಸುಮ್ನೆ ಕಟ್ಟಿದ ಕತೆ.

ಮೈಸೂರಿಗರು ಪಪ್ಪಾಯಿಯನ್ನು ಪರಂಗಿ ಹಣ್ಣು ಅನ್ನುತ್ತಾರಲ್ಲ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಅಮೆರಿಕದ ಈ ಹಣ್ಣನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಅವರು ಕರೆದ ಹೆಸರನ್ನು ಬಿಟ್ಟು, ತಂದವರ ಹೆಸರನ್ನೇ ನಮ್ಮವರು ಹಣ್ಣಿಗೆ ಇಟ್ಟರು. ಪರಂಗಿ ಅಂದರೆ ಫಿರಂಗಿ, ಯುರೋಪಿನವನು.

ಕಿವಿಗೆ ಹೊಂದಿದ ಮಾತ್ರಕ್ಕೆ ಪದದ ಊರು ಸಿಕ್ಕಿತು ಅನ್ನಲಾಗದು. ಗೋವಾದ ಪಾದ್ರಿ ಸೆಬಾಸ್ಟಿಯಾವೊ ದಲ್ಗಾದೊ ಏಷ್ಯಾದ ಭಾಷೆಗಳಲ್ಲಿರುವ ಪೋರ್ಚುಗೀಸ್ ಪದಗಳನ್ನು ಕಲೆಹಾಕಿ 1913ರಲ್ಲಿ ನಿಘಂಟು ತಂದರು. ಅನಾನಸ್, ಮೇಸ್ತ್ರಿಯಂಥವುಗಳ ಬಗ್ಗೆ ತಕರಾರಿಲ್ಲ. ಸಾಬೂನು ಮಾತ್ರ ಕಷ್ಟ. ಪೋರ್ಚುಗೀಸಿನಲ್ಲಿ 'ಸಬಾಂವ್' ಇದೆ, ನಿಜ. ಆದರೆ ಅರಬ್ಬಿಯಲ್ಲೂ 'ಸಾಬೂನ್' ಇದೆ, ಮತ್ತು ಅರಬ್ ವ್ಯಾಪಾರಿಗಳು ಗಾಮನಿಗಿಂತ ಎಷ್ಟೋ ಶತಮಾನ ಮೊದಲೇ ಈ ಕರಾವಳಿಗೆ ಬರುತ್ತಿದ್ದರು. ಮೇಜಿನದೂ ಇದೇ ಪಾಡು: ಅತ್ತ ಪೋರ್ಚುಗೀಸಿನ 'ಮೇಜ', ಇತ್ತ ಪಾರ್ಸಿಯ 'ಮೇಜ್'.