ಹೆಸರು ಎಷ್ಟು ಶೇಕಡಾ ಹೋಲಿದರೆ ಒಬ್ಬರೇ?

ಪ್ರಶ್ನೆ: ಕಾಸರಗೋಡು ಕಡೆಯ ಸಹಕಾರಿ ಸಂಘವೊಂದರ ಹಳೇ ಸದಸ್ಯ ರಿಜಿಸ್ಟರ್ ಸ್ಕ್ಯಾನ್ ಮಾಡಿ ಹೆಸರುಗಳನ್ನು ಶೀಟಿಗೆ ಇಳಿಸಿದ್ದೇವೆ. ಹೋಲಿಕೆ ಎಷ್ಟು ಶೇಕಡಾ ಇದ್ದರೆ ಇಬ್ಬರನ್ನು ಒಬ್ಬರೆಂದು ಸೇರಿಸಬಹುದು?

ಮತ್ತೆ ಅದೇ ಶೇಕಡಾ! ಅಂಥ ಸಂಖ್ಯೆ ಇಲ್ಲ ಮಾರಾಯ್ರೆ. ನಮ್ಮಲ್ಲಿ 1956ರವರೆಗೆ ಕನ್ನಡ, ಇಂಗ್ಲಿಷ್ ಪುಟಗಳು, ಆಮೇಲೆ ಮಲಯಾಳವೂ ಸೇರಿತು. ಗುಮಾಸ್ತರು ಬದಲಾದಂತೆ ಕಾಗುಣಿತವೂ ಬದಲಾಯಿತು.

ಲೆಕ್ಕ ಹಾಕಿಯೇ ನೋಡಿ. Aitha ಮತ್ತು Aithappa ನಡುವೆ ಮೂರು ಅಕ್ಷರ ವ್ಯತ್ಯಾಸ, ಎಂಟರಲ್ಲಿ ಮೂರು ಹೋದರೆ ಹೋಲಿಕೆ ಸುಮಾರು 62 ಶೇಕಡಾ. ಊರಲ್ಲಿ ಇಬ್ಬರೂ ಒಬ್ಬರೇ ಆಗಿರಬಹುದು. Kunhanna ಮತ್ತು Kunhamma ನಡುವೆ ಎರಡೇ ವ್ಯತ್ಯಾಸ, 75 ಶೇಕಡಾ. ಒಬ್ಬರು ಗಂಡಸು, ಒಬ್ಬರು ಹೆಂಗಸು. ಮಿತಿಯನ್ನು 70ಕ್ಕೆ ಇಟ್ಟರೆ ಕುಂಞಣ್ಣನೂ ಕುಂಞಮ್ಮನೂ ಒಂದಾಗುತ್ತಾರೆ, ಐತ ಹೊರಗೇ ಉಳಿಯುತ್ತಾನೆ.

ನೂರಕ್ಕೆ ನೂರು ಹೋಲಿದರೂ ಆಗಲಿಲ್ಲ. ಹೀಗೊಂದು ಉದಾಹರಣೆ ಇಟ್ಟುಕೊಳ್ಳಿ: 1938ರ ಕನ್ನಡ ಪುಟದಲ್ಲಿ ಐತಪ್ಪ, ವಯಸ್ಸು 24. 1961ರ ಮಲಯಾಳ ಪುಟದಲ್ಲಿ ಐತ್ತಪ್ಪ, 45. 1979ರಲ್ಲಿ Aithappa, 22. ಮನೆ ಹೆಸರು ಮೂರರಲ್ಲೂ ಒಂದೇ. ವರ್ಷದಿಂದ ವಯಸ್ಸು ಕಳೆದರೆ ಹುಟ್ಟಿದ್ದು 1914, 1916, 1957. ಹಳೇ ರಿಜಿಸ್ಟರಿನ ವಯಸ್ಸು ಅಂದಾಜಿನದ್ದು, ಐದು ವರ್ಷ ಆಚೀಚೆ ಆಗುತ್ತದೆ. ಹಾಗಾಗಿ ಮೊದಲೆರಡು ಒಬ್ಬನೇ ಇರಬಹುದು, ಮೂರನೆಯವನು ಅಜ್ಜನ ಹೆಸರಿಟ್ಟ ಮೊಮ್ಮಗ. ಹೆಸರನ್ನೇ ನಂಬಿದರೆ ಒಂದು ಎರಡಕ್ಕೆ, ಎರಡು ಮೂರಕ್ಕೆ ಅಂಟಿ, ಅಜ್ಜ ಮೊಮ್ಮಗನ ಪಾಲು ಬಂಡವಾಳ ಒಂದೇ ಖಾತೆಗೆ ಬೀಳುತ್ತದೆ.

ಹೆಸರಿನ ಹೋಲಿಕೆ ಯಾರನ್ನು ಪಕ್ಕ ಪಕ್ಕ ಇಟ್ಟು ನೋಡಬೇಕು ಎಂದು ಆರಿಸಲು ಮಾತ್ರ. ತೀರ್ಪು ಮನೆ ಹೆಸರು, ಹುಟ್ಟಿದ ವರ್ಷ, ಸದಸ್ಯ ಸಂಖ್ಯೆ, ನಾಮಿನಿಯದ್ದು. ತಂದೆಯ ಕಾಲಂ ಒಂದನ್ನೇ ನಂಬಬೇಡಿ: ಅಳಿಯ ಸಂತಾನದ ಮನೆಗಳಲ್ಲಿ ಅಲ್ಲಿ ಸೋದರಮಾವನ ಹೆಸರು ಕೂತಿರಬಹುದು.

ಇನ್ನೊಂದು, ಕಾಗುಣಿತದ ಭೇದವೇ ಅಲ್ಲದ್ದು. ಸ್ಕ್ಯಾನಿನಿಂದ ತೆಗೆದ ಪಠ್ಯದಲ್ಲಿ ‘ಪ’ವನ್ನು ‘ವ’ ಎಂದು ಓದಿದರೆ ಐತಪ್ಪ ‘ಐತವ್ವ’ನಾಗಿ ಬರುತ್ತಾನೆ. ಯಾವ ಗುಮಾಸ್ತನೂ ಹಾಗೆ ಬರೆದಿಲ್ಲ. ಪುಟದ ಚಿತ್ರ ತೆರೆದು ತಿದ್ದಿ, ಆಮೇಲೆ ಹೋಲಿಸಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಸೇರಿಸಿದ ಮೇಲೆ ಯಾವ ಕಾಗುಣಿತ ಉಳಿಸಬೇಕು? ಎಲ್ಲವನ್ನೂ. ಸಾಲು ಅಳಿಸಬೇಡಿ. ಪಕ್ಕದಲ್ಲಿ ವ್ಯಕ್ತಿ ಸಂಖ್ಯೆಯ ಕಾಲಂ ತೆರೆದು, 1938 ಮತ್ತು 1961ರ ಎರಡೂ ಸಾಲಿಗೆ ಒಂದೇ ಸಂಖ್ಯೆ ಕೊಡಿ, ಯಾವ ಕಾರಣಕ್ಕೆ ಸೇರಿಸಿದಿರೆಂದು ಎದುರಿಗೆ ಬರೆಯಿರಿ. ನಾಳೆ ಮೊಮ್ಮಗ ಬಂದು ತಕರಾರು ಎತ್ತಿದರೆ ಸಂಖ್ಯೆ ಬದಲಿಸಿದರೆ ಮುಗಿಯಿತು. ಸೂಚಿಗೆ ಮಾತ್ರ ಒಂದು ರೂಪ ಬೇಕು. ಆ ವ್ಯಕ್ತಿ ತಾನೇ ಸಹಿ ಹಾಕಿದ ಪುಟವಿದ್ದರೆ ಅಲ್ಲಿರುವುದನ್ನೇ ಹಾಕಿ.