ಜನವರಿಯಾಗ ಸೂರ್ಯ ಹತ್ರ ಇರ್ತಾನ, ಆದ್ರೂ ನಮಗ ಥಂಡಿ ಯಾಕ?

ನಾನು ವಿಜಯಪುರ ಕಡೆ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತೀನಿ. ಋತುಗಳ ಪಾಠ ಶುರು ಮಾಡೋಕಿಂತ ಮೊದಲ ಪುಸ್ತಕ ಮುಚ್ಚಿಸಿ ಒಂದ ಪ್ರಶ್ನೆ ಕೇಳ್ತೀನಿ, ಬ್ಯಾಸಿಗಿ ಯಾಕ ಬರ್ತದ ಹೇಳ್ರಿ ಅಂತ. ಹೆಚ್ಚುಕಮ್ಮಿ ಇಡೀ ಕ್ಲಾಸ್ ಒಂದ ಮಾತು ಹೇಳ್ತದ, "ಆಗ ಭೂಮಿ ಸೂರ್ಯನ ಹತ್ರ ಹೋಗಿರ್ತದ ಸರ್." ಪಾಲಕರನ್ನ ಕೇಳಿದ್ರೂ ಅದ. ಇದು ದಡ್ಡತನದ ಮಾತಲ್ಲ, ಒಲಿ ಮುಂದ ಸರದ್ರ ಬಿಸಿ ಹತ್ತತದ, ಹಿಂದ ಸರದ್ರ ತಂಪ ಆಗ್ತದ, ದಿನಾ ನೋಡಿದ್ದನ್ನ ಆಕಾಶಕ್ಕ ಹಚ್ಚಿ ಹೇಳ್ತಾರ ಅಷ್ಟ.

ಆದ್ರ ಲೆಕ್ಕ ಉಲ್ಟಾ ಅದ. ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ರ ಇರೋದು ಜನವರಿ ಮೊದಲ ವಾರದಾಗ, ಸುಮಾರು 14.7 ಕೋಟಿ ಕಿಲೋಮೀಟರ್. ಎಲ್ಲಕ್ಕಿಂತ ದೂರ ಇರೋದು ಜುಲೈ ಮೊದಲ ವಾರದಾಗ, ಸುಮಾರು 15.2 ಕೋಟಿ. ಅಂದ್ರ ನಾವು ಚಾದರ ಹೊದ್ದು, ಮುಂಜಾನೆ ಕಸಾಕಡ್ಡಿ ಹಚ್ಚಿ ಬೆಂಕಿ ಕಾಯಿಸ್ಕೊಳ್ಳೋ ಹೊತ್ತಿನ್ಯಾಗ ಸೂರ್ಯ ನಮಗ ಎಲ್ಲಕ್ಕಿಂತ ಹತ್ರ.

ಇದನ್ನ ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತು, "ಆದ್ರ ಜುಲೈದಾಗ ದೂರ ಇರ್ತದ ಅಂದ್ರಿ, ನಮ್ಮಲ್ಲಿ ಆಗ ಮೇ ತಿಂಗಳಕ್ಕಿಂತ ತಂಪ ಇರ್ತದಲ್ರಿ ಸರ್?" ಅಂದ್ಲು. ಭಾಳ ಛಲೋ ಪ್ರಶ್ನೆ ಅದು. ನಮ್ಮಲ್ಲಿ ಜುಲೈದಾಗ ತಂಪ ಆಗೋದು ಮುಂಗಾರಿನ ಮೋಡದಿಂದ, ದೂರದಿಂದಲ್ಲ. ದೂರದಿಂದನ ಆಗೋದಾಗಿದ್ರ ಇಡೀ ಭೂಮಿಗೆ ಒಟ್ಟಿಗೆ ತಂಪ ಆಗಬೇಕಾಗಿತ್ತು. ಡಿಸೆಂಬರ್ 26ಕ್ಕ ಮೆಲ್ಬರ್ನ್‌ದಾಗ ಟೆಸ್ಟ್ ಮ್ಯಾಚ್ ಇರ್ತದಲ್ಲ, ನೀವು ಮುಂಜಾನೆ ಐದಕ್ಕ ಚಾದರದಾಗ ಕುಂತು ಟಿವಿ ನೋಡ್ತೀರಿ, ಅಲ್ಲಿ ಮಂದಿ ಅರ್ಧ ಚಡ್ಡಿ ಹಾಕ್ಕೊಂಡು, ಟೊಪಗಿ ಇಟ್ಕೊಂಡು ಬಿಸಲಾಗ ಕುಂತಿರ್ತಾರ. ಅವತ್ತ ಸೂರ್ಯ ಇಬ್ಬರಿಗೂ ಒಂದ ದೂರ.

ಇನ್ನ ಅಸಲಿ ಕಾರಣ ನೋಡಾಕ ಒಂದು ಮೀಟರ್ ಕೋಲು ಸಾಕು. ಶಾಲಿ ಅಂಗಳದಾಗ ಅದನ್ನ ನೆಟ್ಟಗ ನಿಂದ್ರಸ್ತೀವಿ, ದಾರಕ್ಕ ಕಲ್ಲು ಕಟ್ಟಿ ಇಳಿಬಿಟ್ಟು ವಾರೆ ಇಲ್ಲಂತ ನೋಡ್ಕೋತೀವಿ, ಮತ್ತ ನಡು ಮಧ್ಯಾಹ್ನ ನೆಳ್ಳು ಅಳೀತೀವಿ. ನಡು ಮಧ್ಯಾಹ್ನ ಅಂದ್ರ ಗಡಿಯಾರದ 12 ಅಲ್ಲ, ಇಲ್ಲೇ ಭಾಳ ಮಂದಿ ತಪ್ಪತಾರ. ನಮ್ಮ ಗಡಿಯಾರದ ಟೈಮು 82.5 ಡಿಗ್ರಿ ರೇಖಾಂಶದ್ದು, ವಿಜಯಪುರ ಅದಕ್ಕಿಂತ ಪಶ್ಚಿಮಕ್ಕ ಅದ, ಹಿಂಗಾಗಿ ಜನವರಿ ಶುರುವಿನ್ಯಾಗ ಸೂರ್ಯ ನೆತ್ತಿಯ ಗೆರಿಗೆ ಬರೋದು 12.30 ದಾಟಿದ ಮ್ಯಾಲೆ. ಹುಡುಗ್ರಿಗೆ ನಾನು ಹೇಳೋದು ಇಷ್ಟ, 12.10ರಿಂದ ಐದೈದು ನಿಮಿಷಕ್ಕ ನೆಳ್ಳಿನ ತುದಿಗೆ ಖಡು ಗುರುತು ಹಾಕ್ರಿ, ಎಲ್ಲಕ್ಕಿಂತ ಗಿಡ್ಡ ನೆಳ್ಳು ಯಾವುದೋ ಅದ ನಡು ಮಧ್ಯಾಹ್ನದ್ದು.

ಜನವರಿ 3ರ ಸುಮಾರಿಗೆ ಆ ಗಿಡ್ಡ ನೆಳ್ಳು ಬಡಗಣಕ್ಕ 83 ಸೆಂಟಿಮೀಟರ್ ಇರ್ತದ. ಜುಲೈ 4ರ ಸುಮಾರಿಗೆ ಮೋಡ ಸರದು ಬಿಸಲು ಬಿತ್ತಂದ್ರ ಬರೇ 10 ಸೆಂಟಿಮೀಟರ್, ಅದೂ ತೆಂಕಣಕ್ಕ! ಹತ್ರ ಇದ್ದಾಗ ಸೂರ್ಯ ವಾರೆ ಇದ್ದ, ದೂರ ಹೋದಾಗ ಹೆಚ್ಚುಕಮ್ಮಿ ನೆತ್ತಿ ಮ್ಯಾಲೆ ಬಂದ.

ವಾರೆ ಬಿದ್ರ ಏನಾಗ್ತದ ಅಂತ ಅವ್ವನ ರೊಟ್ಟಿ ನೋಡಿದವರಿಗೆ ಬಿಡಿಸಿ ಹೇಳೋದ ಬ್ಯಾಡ. ಹಿಟ್ಟಿನ ಮುದ್ದಿ ಒಂದ, ಆದ್ರ ಅಗಲ ಬಡದ್ರ ರೊಟ್ಟಿ ತೆಳ್ಳಗ ಆಗ್ತದ. ಜನವರಿ ಬಿಸಲು ವಾರೆ ಬರ್ತದಂತ ಒಂದು ಚದರ ಮೀಟರಿನ ಬಿಸಲು ನೆಲದ ಮ್ಯಾಲೆ 1.3 ಚದರ ಮೀಟರ್ ಹರಡ್ತದ. ಮೊಬೈಲ್ ಟಾರ್ಚ್‌ಗೆ ಕಾಗದದ ಸುರುಳಿ ಸುತ್ತಿ, ಚೌಕಳಿ ಪೇಪರ್ ಮ್ಯಾಲೆ ಒಮ್ಮೆ ನೆಟ್ಟಗ, ಒಮ್ಮೆ ವಾರೆ ಹಿಡದು ಚೌಕ ಎಣಸಿದ್ರ ಇದು ಕಣ್ಣಿಗೇ ಕಾಣ್ತದ.

ದೂರದ ಪಾಲು ಏನೂ ಇಲ್ಲೇನು? ಅದ. ಹತ್ರ ಬಂದದ್ದಕ್ಕ ಜನವರಿಯಾಗ ಭೂಮಿಗೆ ಬರೋ ಬಿಸಲು ಜುಲೈಕಿಂತ ಸುಮಾರು 7 ಪರ್ಸೆಂಟ್ ಹೆಚ್ಚು. ಆದ್ರ ವಾರೆ ಬಿದ್ದದ್ದಕ್ಕ ವಿಜಯಪುರದ ನೆಲಕ್ಕ ಮಧ್ಯಾಹ್ನದಾಗ 20 ಪರ್ಸೆಂಟ್‌ಕಿಂತ ಹೆಚ್ಚು ಖೋತಾ ಆಗ್ತದ. ಎರಡೂ ಕೂಡಿಸಿದ ಮ್ಯಾಲೂ ಥಂಡಿ ಕಡೆನ ತಕ್ಕಡಿ ಬಾಗ್ತದ. ಮತ್ತ ಹಗಲು ಸುಮಾರು 11 ತಾಸು ಮಾತ್ರ, ಜೂನ್ ಜುಲೈದಾಗ 13 ತಾಸು. ಬಿಸಲೂ ತೆಳ್ಳಗ, ಬೀಳೋ ಹೊತ್ತೂ ಕಡಿಮಿ. ದಿಲ್ಲಿಯೊಳಗ ಡಿಸೆಂಬರ್ 21ಕ್ಕ ಅದ ಮೀಟರ್ ಕೋಲಿನ ನೆಳ್ಳು 128 ಸೆಂಟಿಮೀಟರ್ ಹೋಗ್ತದ, ಅಲ್ಲಿ ಥಂಡಿ ಎಷ್ಟ ಕಡಕ್ ಇರ್ತದ ನಿಮಗ ಗೊತ್ತದ.

ಸೂರ್ಯ ಹಿಂಗ ವಾರೆ, ನೆಟ್ಟಗ ಆಗೋದು ಭೂಮಿಯ ಅಕ್ಷ 23.4 ಡಿಗ್ರಿ ವಾಲಿದ್ದಕ್ಕ. ಆದ್ರ ವಾಲಿದ್ದಷ್ಟ ಸಾಕಾಗಂಗಿಲ್ಲ, ವರ್ಷಪೂರ್ತಿ ಒಂದ ದಿಕ್ಕಿಗೆ, ಧ್ರುವ ನಕ್ಷತ್ರದ ಕಡೆ ವಾಲಿರ್ತದ, ಅದ ಮುಖ್ಯ. ಒಬ್ಬ ಹುಡುಗನ್ನ ನಡುವ ಸೂರ್ಯ ಅಂತ ನಿಂದ್ರಿಸಿ ಇನ್ನೊಬ್ಬನ ಕೈಯಾಗ ಕಡ್ಡಿ ಚುಚ್ಚಿದ ಚಂಡು ಕೊಟ್ಟು ಸುತ್ತ ಹಾಕ್ಲಿಕ್ಕೆ ಹೇಳ್ತೀನಿ, ಕಡ್ಡಿ ತುದಿ ಯಾವಾಗ್ಲೂ ಅಂಗಳದ ಬೇವಿನ ಗಿಡದ ಕಡೆ ವಾಲಿರಬೇಕು. ಸುತ್ತ ಹಾಕೋವಾಗ ಮೈ ತಿರುಗಿದಂಗ ಅವನ ಕೈನೂ ತಿರುಗಿಬಿಡ್ತದ, ಕಡ್ಡಿ ಎಲ್ಲಾ ಕಡಿಂದನೂ ಸೂರ್ಯನ ಕಡೆನ ವಾಲ್ತದ, ಹಂಗಾದ್ರ ವರ್ಷಪೂರ್ತಿ ಒಂದ ಕಾಲ ಆಗ್ತದ. ಇದನ್ನ ತಿದ್ದಿ ಬೇವಿನ ಗಿಡದ ಕಡೆ ಹಿಡಿಸಿದ್ರ ಮಾತ್ರ ಒಂದು ಕಡೆ ಮ್ಯಾಲಿನ ಅರ್ಧ ಸೂರ್ಯನಿಗೆ ಮುಖ ಕೊಡ್ತದ, ಎದುರು ಕಡೆ ಬಂದಾಗ ಕೆಳಗಿನ ಅರ್ಧ.

ಇಲ್ಲಿ ಶಾಣ್ಯಾ ಹುಡುಗ್ರು ಹೊಸಾ ತಪ್ಪು ಮಾಡ್ತಾವ. "ಅಂದ್ರ ವಾಲಿದ್ದಕ್ಕ ನಮ್ಮ ಅರ್ಧ ಸೂರ್ಯನ ಹತ್ರ ಹೋಗ್ತದ, ಅದಕ್ಕ ಬ್ಯಾಸಿಗಿ!" ಮತ್ತ ದೂರಕ್ಕ ಬಂತು ನೋಡ್ರಿ ಮಾತು. ಇಡೀ ಭೂಮಿ ಅಡ್ಡಗಲ 12,700 ಕಿಲೋಮೀಟರ್, 15 ಕೋಟಿ ಮುಂದ ಅದು ಯಾವ ಲೆಕ್ಕ? 50 ಲಕ್ಷ ಕಿಲೋಮೀಟರ್ ಹತ್ರ ಬಂದಾಗನ ಬ್ಯಾಸಿಗಿ ಆಗಲಿಲ್ಲ.

ಈ ದೂರದ ಹುಚ್ಚಿಗೆ ಉದ್ದುದ್ದ ಮೊಟ್ಟಿಯಂಥ ಕಕ್ಷೆಯ ಚಿತ್ರಾನೂ ಕಾರಣ ಅಂತ ನನಗ ಅನಸ್ತದ. ವಾರೆಯಿಂದ ನೋಡಿದಂಗ ಬರದಿರ್ತಾರ, ಮಕ್ಕಳು ಅದ ಖರೆ ಆಕಾರ ಅಂತ ತಿಳೀತಾವ. ನಾನು ಒಂದು ಮೀಟರ್ ಹಗ್ಗದಿಂದ ಅಂಗಳದಾಗ ದುಂಡಗ ಗೆರಿ ಹಾಕಸ್ತೀನಿ, ಸೂರ್ಯನ್ನ ನಡುವಿಂದ 1.7 ಸೆಂಟಿಮೀಟರ್ ಸರಿಸಿ ಇಡಸ್ತೀನಿ, ಅಷ್ಟ. ಕಕ್ಷೆ ಮೊಟ್ಟಿಯಾಕಾರ ಆಗಿದ್ದು ಆ ಖಡುವಿನ ಗೆರಿ ದಪ್ಪದಾಗ ಮುಚ್ಚಿಹೋಗ್ತದ.

ಮೇ 7ರ ಸುಮಾರಿಗೆ ವಿಜಯಪುರದಾಗ ಸೂರ್ಯ ನೆಟ್ಟ ನೆತ್ತಿ ಮ್ಯಾಲೆ ಬರ್ತಾನ, ಕೋಲಿಗೆ ನೆಳ್ಳ ಇರಂಗಿಲ್ಲ. ಬೆಳಗಾವಿಯವರಿಗೆ ಮೂರ್ನಾಕು ದಿನ ಮೊದಲ. ಸೂಟಿ ಇರ್ತದಂತ ಮನ್ಯಾಗ ನೋಡ್ರಿ ಅಂತ ಹೇಳಿ ಕಳಸ್ತೀನಿ, ಆಮ್ಯಾಲೆ ಯಾರಾದ್ರೂ ಬಂದು "ನೆಳ್ಳು 10 ಸೆಂಟಿಮೀಟರ್ ಇತ್ತು ಸರ್" ಅಂದ್ರ ಅವ್ರು ಗಡಿಯಾರದ 12ಕ್ಕ ಅಳದಾರ ಅಂತ ತಿಳ್ಕೋತೀನಿ, 12.24ರ ಸುಮಾರಿಗೆ ನೋಡಬೇಕಾಗಿತ್ತು. ಆಗಸ್ಟ್ 5ರ ಸುಮಾರಿಗೆ ಸೂರ್ಯ ಮತ್ತೊಮ್ಮೆ ನೆತ್ತಿಗೆ ಬರ್ತಾನ. ಮೇ ತಿಂಗಳದಾಗ ಬಂದಷ್ಟ ನೆಟ್ಟಗ ಬರ್ತಾನ, ಆದ್ರ ನಡುವ ಮುಂಗಾರಿನ ಮೋಡ ಇರ್ತಾವ, ಆವಾಗ ಸಾಲಿ ಇದ್ರೂ ಕೋಲಿನ ಸುತ್ತ ನಿಂತು ಮೋಡ ಸರಿಯೋದನ್ನ ಕಾಯೋದ ನಮ್ಮ ಕೆಲಸ.